ಅಪ್ಪನ ಹೆಸರಲ್ಲಿ ಎರಡು ಅಕ್ಷರ

ಡೈರಿಯ ಹಾಲಿನ ದುಡ್ಡು ಅಪ್ಪನ ಖಾತೆಗೆ ಬರುತ್ತಿತ್ತು, ಆದರೆ ತೆಗೆಯಲು ಆಗುತ್ತಿರಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಕೆವೈಸಿ ಆಗಿಲ್ಲ" ಎಂದರು. ಆಧಾರ್, ಪ್ಯಾನ್ ಜೆರಾಕ್ಸ್ ಕೊಟ್ಟು ಬಂದೆವು. ವಾರದ ನಂತರ ಹೋದರೆ ಅರ್ಜಿ ವಾಪಸ್ ಬಂದಿತ್ತು: ಹೆಸರು, ಹುಟ್ಟಿದ ದಿನಾಂಕ ಎರಡೂ ತಾಳೆಯಾಗುತ್ತಿಲ್ಲ.

ಅಪ್ಪನ ನಿಜವಾದ ಹೆಸರು ಇಲ್ಲಿ ಬೇಡ, ಲಕ್ಷ್ಮಪ್ಪ ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ ಓದಿದರೆ ಎಲ್ಲ ಕಾಗದದಲ್ಲೂ ಅದೇ ಹೆಸರು. ಅದಕ್ಕೇ ನಮಗೆ ತಪ್ಪು ಕಂಡಿರಲಿಲ್ಲ. ಆದರೆ ಬ್ಯಾಂಕಿನ ಕಂಪ್ಯೂಟರಿನಲ್ಲಿರುವುದು ಇಂಗ್ಲಿಷ್ ಅಕ್ಷರ.

ಆ ಸಂಜೆ ಜಗಲಿಯ ಮೇಲೆ ಎಲ್ಲ ಕಾಗದಗಳನ್ನೂ ಸಾಲಾಗಿ ಇಟ್ಟು, ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆವು. ಆಧಾರ್, ಪ್ಯಾನ್, ವೋಟರ್ ಕಾರ್ಡ್ ಮೂರರಲ್ಲೂ Lakshmappa. ಪಾಸ್‌ಬುಕ್ಕಿನಲ್ಲಿ ಮಾತ್ರ Laxmappa. ಆಧಾರ್ ಮತ್ತು ಪ್ಯಾನಿನಲ್ಲಿ ಹುಟ್ಟಿದ ದಿನಾಂಕ 05/08/1964, ಬ್ಯಾಂಕಿನಲ್ಲಿ 08/05/1964. ಖಾತೆ ತೆರೆಯುವಾಗ ಯಾರೋ ದಿನವನ್ನೂ ತಿಂಗಳನ್ನೂ ಅದಲುಬದಲು ಮಾಡಿದ್ದರು. ಹಳೆಯ ವೋಟರ್ ಕಾರ್ಡಿನಲ್ಲಿ ವಯಸ್ಸು ಮಾತ್ರ ಇತ್ತು, ಹಾಗಾಗಿ ದಿನಾಂಕಕ್ಕೆ ಅದು ಸಾಕ್ಷಿಯಾಗಲಿಲ್ಲ. ಆದರೆ ವಿಳಾಸ ಆಧಾರಿನಲ್ಲಿ ಇದ್ದಂತೆಯೇ ಇತ್ತು.

ಇಲ್ಲಿಯೇ ನಾವು ಎಡವುತ್ತಿದ್ದೆವು. "ಆಧಾರನ್ನೇ ಬ್ಯಾಂಕಿನಂತೆ ತಿದ್ದಿಸಿಬಿಡೋಣ" ಎಂದು ಅಣ್ಣ ಹೊರಟಿದ್ದ. ಹಾಗೆ ಮಾಡಿದ್ದರೆ ಬ್ಯಾಂಕ್ ಸರಿಹೋಗಿ ಪ್ಯಾನ್ ತಪ್ಪುತ್ತಿತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ಆಧಾರಿನಲ್ಲಿ ಹುಟ್ಟಿದ ದಿನಾಂಕವನ್ನು ಸಾಮಾನ್ಯವಾಗಿ ಒಂದೇ ಸಲ ತಿದ್ದಿಸಬಹುದು, ಹೆಸರನ್ನು ಎರಡು ಸಲ. ವಿಳಾಸಕ್ಕೆ ಅಂಥ ಮಿತಿ ಇಲ್ಲ. ಆ ಒಂದು ಅವಕಾಶವನ್ನು ತಪ್ಪು ದಿನಾಂಕಕ್ಕೆ ಕಳೆದುಕೊಳ್ಳುತ್ತಿದ್ದೆವು.

ಒಂದೇ ಕಾಗದ ಬೇರೆಯಾಗಿದ್ದರೆ ಅದನ್ನೇ ತಿದ್ದಿಸಬೇಕು. ಆಧಾರಿನಲ್ಲೇ ನಿಜವಾಗಿ ತಪ್ಪಿದ್ದರೆ ಮಾತ್ರ ದಾಖಲೆ ಹಿಡಿದು ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಬ್ಯಾಂಕಿಗೆ ಹೋಗಬೇಕು.

ನಮ್ಮ ಲೆಕ್ಕದಲ್ಲಿ ಬೇರೆಯಾಗಿದ್ದದ್ದು ಬ್ಯಾಂಕ್. ಖಾತೆ ಇರುವ ಶಾಖೆಗೇ ಅಪ್ಪನನ್ನು ಕರೆದುಕೊಂಡು ಹೋದೆವು. ಅರ್ಜಿಯಲ್ಲಿ "ಈಗ ಇರುವುದು" ಮತ್ತು "ಇರಬೇಕಾದದ್ದು" ಎಂದು ಎರಡು ಸಾಲು ಮಾಡಿ, ಹೆಸರು ಮತ್ತು ದಿನಾಂಕ ಬರೆದೆವು. ತಿಂಗಳನ್ನು ಅಂಕಿಯಲ್ಲಿ ಬರೆಯದೆ "ಆಗಸ್ಟ್" ಎಂದೇ ಬರೆದೆವು. ಜೆರಾಕ್ಸ್ ಮೇಲೆ ಅಪ್ಪ ಸಹಿ ಹಾಕಿದರು, ಮೂಲ ಕಾರ್ಡುಗಳನ್ನೂ ತೋರಿಸಿದೆವು. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೆವು.

ಕೆಲವು ದಿನ ಬಿಟ್ಟು ಹೋಗಿ, ಸರಿಯಾಗಿದೆ ಎಂಬ ಮಾತಷ್ಟನ್ನೇ ನಂಬದೆ ಪಾಸ್‌ಬುಕ್ಕಿನ ಮೊದಲ ಪುಟವನ್ನು ಹೊಸದಾಗಿ ಮುದ್ರಿಸಿಕೊಂಡೆವು. ಕೌಂಟರಿನ ಮುಂದೆಯೇ ನಿಂತು ಮತ್ತೆ ಅಕ್ಷರ ಅಕ್ಷರ ಓದಿದೆವು. ks ಇತ್ತು, x ಇರಲಿಲ್ಲ. ಅಂದೇ ಅಪ್ಪ ಹಿಂಡಿ ಚೀಲಕ್ಕೆ ದುಡ್ಡು ತೆಗೆದರು.