ಎದುರಾಳಿ ತಲೆಯಾಡಿಸಬೇಕು

ನಮ್ಮ ವಾಚನಾಲಯದ ಪ್ರಬಂಧ ಸ್ಪರ್ಧೆಗೆ ಒಂದು ವರ್ಷ ‘ಕಣ್ಣಿಗೆ ಕಂಡದ್ದು ಮಾತ್ರ ಸತ್ಯವೇ?’ ಎಂಬ ವಿಷಯ ಕೊಟ್ಟಿದ್ದೆವು. ಬಂದ 9 ಪ್ರಬಂಧಗಳನ್ನು ನೋಡಿ ಅಂಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಒಂದು ಕಾಲೇಜು ಓದುವ ಹುಡುಗಿಯದ್ದು. ಚಾರ್ವಾಕರನ್ನು ಖಂಡಿಸಿ ಬರೆದಿದ್ದಳು. ಭಾಷೆ ತಡೆಯಿಲ್ಲದೆ ಹರಿದಿತ್ತು. ಓದಿದವರೆಲ್ಲ “ಮೊದಲ ಬಹುಮಾನ ಇದಕ್ಕೇ, ಇನ್ನೆಂತ ನೋಡ್ಲಿಕ್ಕುಂಟು?” ಅಂದರು. ನಾನು 50ರಲ್ಲಿ 22 ಅಂಕ ಹಾಕಿದೆ. ಬಹುಮಾನ ಬೇರೆಯವರಿಗೆ ಹೋಯಿತು.

ಮರುದಿನ ಸಂಜೆ ಹುಡುಗಿ ಮನೆಗೇ ಬಂದಳು. ಮುಖ ಬಾಡಿತ್ತು. “ಎಲ್ಲಿ ತಪ್ಪಾಯ್ತು ಮಾಷ್ಟ್ರೇ?”

“ನಿನ್ನ ಮೊದಲ ಪ್ಯಾರಾ ಓದು” ಅಂದೆ. ಚಾರ್ವಾಕರು ತಿಂದುಂಡು ಸುಖವಾಗಿರಿ ಎಂದವರು, ಯೋಚನೆಯ ಗೊಡವೆಯೇ ಇಲ್ಲದವರು ಎಂದಿತ್ತು. “ಕಂಡದ್ದನ್ನು ಮಾತ್ರ ನಂಬುತ್ತೇವೆ ಎಂದು ಅವರು ಯಾಕೆ ಹೇಳಿದರು? ಆ ಕಾರಣ ಎಲ್ಲುಂಟು?” ಅವಳು ಹಾಳೆ ಮಗುಚಿದಳು. ಎಲ್ಲಿಯೂ ಇರಲಿಲ್ಲ.

ನಾನು ಕಪಾಟಿನಿಂದ ‘ಸರ್ವದರ್ಶನಸಂಗ್ರಹ’ ತೆಗೆದೆ. 14ನೆಯ ಶತಮಾನದಲ್ಲಿ ಮಾಧವಾಚಾರ್ಯರು ಬರೆದದ್ದು. ಅದು ಶುರುವಾಗುವುದೇ ಚಾರ್ವಾಕ ಮತದಿಂದ. ಅವರಿಗೆ ಆ ಮತ ಒಪ್ಪಿಗೆಯಿಲ್ಲ, ಆದರೂ ಅದರ ಕಾರಣಗಳನ್ನು ಬಿಡದೆ ಹೇಳುತ್ತಾರೆ. ಅದನ್ನು ಅವಳಿಗೆ ಊರಿನ ಮಾತಿನಲ್ಲಿ ಹೀಗೆ ವಿವರಿಸಿದೆ.

ಗುಡ್ಡದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಉಂಟು ಅನ್ನುತ್ತೇವೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನುಮಾನ ಎಂದು ಹೆಸರು. ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಹಾಗೆ ತಿಳಿಯಬೇಕಾದರೆ, ಹೊಗೆ ಇದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಎಂಬ ನಿಯಮ ಮೊದಲೇ ಗೊತ್ತಿರಬೇಕು. ಅದು ಹೇಗೆ ಗೊತ್ತಾಯಿತು ಎಂಬುದೇ ಚಾರ್ವಾಕನ ಪ್ರಶ್ನೆ. ನೋಡಿ ತಿಳಿದೆವು ಅಂದರೆ, ನಾವು ನೋಡಿದ್ದು ಕೆಲವು ಒಲೆಗಳನ್ನು ಮಾತ್ರ. ನಾಳೆಯ ಹೊಗೆಯನ್ನು, ದೂರದ ಊರಿನ ಹೊಗೆಯನ್ನು ಯಾರು ನೋಡಿದ್ದಾರೆ? ಅನುಮಾನದಿಂದಲೇ ತಿಳಿದೆವು ಅಂದರೆ, ಆ ಅನುಮಾನಕ್ಕೂ ಇನ್ನೊಂದು ನಿಯಮ ಬೇಕು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ತಿಳಿದವರು ಹೇಳಿದರು ಅಂದರೆ, ಅವರ ಮಾತು ನಂಬತಕ್ಕದ್ದು ಎಂಬುದೂ ಒಂದು ಅನುಮಾನವೇ.

ಹುಡುಗಿ ಸುಮ್ಮನೆ ಕೂತಳು. “ಇದಕ್ಕೆ ಉತ್ತರ ಕೊಡ್ಲಿಕ್ಕೆ ಕಷ್ಟ ಉಂಟಲ್ಲ ಮಾಷ್ಟ್ರೇ” ಅಂದಳು.

“ಪೂರ್ವಪಕ್ಷ ಸರಿಯಾಗಿ ಹೇಳಿದರೆ ಹಾಗೇ ಅನ್ನಿಸಬೇಕು. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವರು ಮೊದಲೇ ಸೋತವರ ಹಾಗೆ ಮಾತಾಡಿದರೆ ಕೃಷ್ಣನ ಮಾತಿಗೆ ಎಂತ ಬೆಲೆ? ನೀನು ಬರೆದದ್ದನ್ನು ಚಾರ್ವಾಕನ ಮುಂದೆ ಓದಿದರೆ ‘ಹೌದು, ನಾನು ಹೇಳುವುದು ಇದನ್ನೇ’ ಎಂದು ಅವನು ತಲೆಯಾಡಿಸಬೇಕು.”

ವಾರ ಕಳೆದು ಹೊಸದಾಗಿ ಬರೆದು ತಂದಳು. ಪೂರ್ವಪಕ್ಷ ಒಂದು ಪುಟ, ಮೂರೂ ಕಾರಣಗಳು ಚೊಕ್ಕವಾಗಿದ್ದವು. ನಾನು ಅವಕ್ಕೆ ಪೆನ್ಸಿಲಿನಲ್ಲಿ 1, 2, 3 ಎಂದು ಗುರುತು ಹಾಕಿದೆ. ಆಮೇಲೆ ಖಂಡನೆಯ ಒಂದೊಂದು ವಾಕ್ಯವೂ ಯಾವ ಕಾರಣಕ್ಕೆ ಉತ್ತರ ಎಂದು ಗೆರೆ ಎಳೆಯಲು ಅವಳಿಗೇ ಹೇಳಿದೆ. ಒಂದು ಗೆರೆಯೂ ಎಳೆಯಲಾಗಲಿಲ್ಲ. ಖಂಡನೆಯಲ್ಲಿ ಇದ್ದದ್ದು ಅದೇ ಹಳೆಯ ಮಾತು, ಭೋಗವೇ ಬದುಕಲ್ಲ ಎಂದು. ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಪೂರ್ವಪಕ್ಷ ಚೆನ್ನಾಗಿದ್ದರೆ ನೋಡುವವರು ಅಲ್ಲಿಗೇ ಮೆಚ್ಚಿ ಅಂಕ ಹಾಕಿಬಿಡುತ್ತಾರೆ. ನಾನೂ ಎಷ್ಟೋ ಸಲ ಹಾಕಿದ್ದೇನೆ.

ಮೂರನೆಯ ಸಲ ಅವಳು ನ್ಯಾಯದರ್ಶನದ ಉದಯನಾಚಾರ್ಯರ ಉತ್ತರವನ್ನು ಹುಡುಕಿ ತಂದಿದ್ದಳು. ನಾಳೆ ಹೊಗೆಯಿದ್ದೂ ಬೆಂಕಿ ಇಲ್ಲದಿರಬಹುದು ಎಂದು ಸಂಶಯಪಡುವವನು, ನಾಳೆ ಎಂಬುದೊಂದು ಉಂಟು ಎಂದು ಒಪ್ಪಿರಬೇಕಲ್ಲ? ನಾಳೆಯನ್ನು ಕಣ್ಣಿಂದ ಕಂಡವರಿಲ್ಲ. ಅಂದಮೇಲೆ ಆ ಸಂಶಯವೇ ಅನುಮಾನದ ಮೇಲೆ ನಿಂತಿದೆ. ಈ ಸಲ ಗೆರೆ ನೇರ 1ಕ್ಕೆ ಹೋಯಿತು. ಕೊನೆಯಲ್ಲಿ ಅವಳು ಬರೆದಿದ್ದಳು: “ಎರಡನೆಯ ಕಾರಣಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ.”

ಒಂದು ಮಾತು ಮಾತ್ರ ಸೇರಿಸಲು ಹೇಳಿದೆ. ಚಾರ್ವಾಕರ ಸ್ವಂತ ಗ್ರಂಥಗಳು ಹೆಚ್ಚಿನವು ಉಳಿದಿಲ್ಲ. ಅವರ ಮಾತು ನಮಗೆ ಬಂದದ್ದು ಹೆಚ್ಚಾಗಿ ಎದುರಾಳಿಗಳ ಬಾಯಿಂದ. ಅದಕ್ಕೆ ‘ಚಾರ್ವಾಕರು ಹೇಳುತ್ತಾರೆ’ ಎನ್ನುವಲ್ಲಿ ‘ಮಾಧವಾಚಾರ್ಯರು ತಿಳಿಸುವಂತೆ’ ಎಂದು ಬರೆಯಬೇಕು. ತಲೆಯಾಡಿಸಲು ಚಾರ್ವಾಕನೇ ಇಲ್ಲದಿರುವಾಗ ನಾವು ಅಷ್ಟಾದರೂ ಮಾಡಬೇಕಲ್ಲ.

“ಈಗ ಎಷ್ಟು ಅಂಕ ಮಾಷ್ಟ್ರೇ?” ಕೇಳಿದಳು. 43 ಅಂದೆ. “ಬಹುಮಾನ ಇಲ್ಲ, ಅಲ್ವಾ?” ಎಂದು ನಕ್ಕಳು. ಅವಳು ಹೋದ ಮೇಲೆ ನಾನು ಉಳಿದ 8 ಪ್ರಬಂಧಗಳನ್ನು ಮತ್ತೆ ಹೊರತೆಗೆದು, ಪೆನ್ಸಿಲ್ ಹಿಡಿದು ಕೂತೆ.