ಎರಡು ಮಸೂರ ಮತ್ತು ಒಂದು ಬಿಡುಗಡೆ ಪತ್ರ

ಬೋಧನಾಭ್ಯಾಸದ ಆರನೇ ವಾರ. ನನ್ನ ಪಾಠಗಳನ್ನು ವೀಕ್ಷಿಸುತ್ತಿದ್ದ ಪಿಸಿಎಂ ಶಿಕ್ಷಕಿ ಒಂದು ಸಂಜೆ, "ನಾನು ನನ್ನ ಮೂಲ ಶಾಲೆಗೆ ಹೊರಟೆ ಕಣಮ್ಮ" ಎಂದರು. ಅವರು ಈ ಪ್ರೌಢಶಾಲೆಗೆ ನಿಯೋಜನೆಯ ಮೇಲೆ ಬಂದವರೆಂದು ಆವರೆಗೆ ನನಗೆ ಗೊತ್ತೇ ಇರಲಿಲ್ಲ. ಇಲ್ಲಿನ ಹುದ್ದೆ ಖಾಲಿ ಇದ್ದುದರಿಂದ ಜೂನ್‌ನಲ್ಲಿ ಶೈಕ್ಷಣಿಕ ವರ್ಷದ ಅಂತ್ಯದವರೆಗೆಂದು ಕಳಿಸಿದ್ದರಂತೆ. ಈಗ ಡಿಸೆಂಬರ್ ಮೊದಲ ವಾರ.

ನನಗೆ ಸಿಟ್ಟು ಬಂತು. ಹತ್ತನೇ ತರಗತಿಗೆ ಪರೀಕ್ಷೆ ಮಾರ್ಚ್‌ನಲ್ಲಿ. "ನಮ್ಮ ಮಕ್ಕಳ ಗತಿ ಏನು ಮೇಡಂ?" ಎಂದು ಕೇಳಿಯೇಬಿಟ್ಟೆ. ಅವರು ಅರ್ಜಿಯ ಕರಡನ್ನು ನನ್ನ ಕೈಗೆ ಕೊಟ್ಟರು. ಮೊದಲ ಕರಡಿನಲ್ಲಿ ದಿನಕ್ಕೆ ಎರಡು ಬಸ್ ಬದಲಿಸುವ ಪ್ರಯಾಣ, ಮಂಡಿನೋವು, ಕೊಠಡಿಯ ಸೋರಿಕೆ ಎಲ್ಲವೂ ಇತ್ತು. ಅಷ್ಟನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ಉಳಿದದ್ದು ಎರಡೇ ಕಾರಣ. ಮೂಲ ಶಾಲೆಯಲ್ಲಿದ್ದ ಇನ್ನೊಬ್ಬ ಗಣಿತ ಶಿಕ್ಷಕರು ನವೆಂಬರ್ ಕೊನೆಗೆ ವಯೋನಿವೃತ್ತಿ ಹೊಂದಿದ್ದರಿಂದ ಅಲ್ಲಿ ಹತ್ತನೇ ತರಗತಿಯ 41 ಮಕ್ಕಳಿಗೆ ಗಣಿತ ಹೇಳಿಕೊಡುವವರಿಲ್ಲ. ಇಲ್ಲಿ ಅಕ್ಟೋಬರ್‌ನಿಂದ ಅತಿಥಿ ಶಿಕ್ಷಕರಿದ್ದಾರೆ. "ಕಚೇರಿಯವರು ದಾಖಲೆ ನೋಡಿ ಖಚಿತ ಮಾಡಿಕೊಳ್ಳಬಹುದಾದ್ದನ್ನಷ್ಟೇ ಬರೆಯಬೇಕು. ನನ್ನ ಮಂಡಿ ಅವರಿಗೆ ಕಾಣಿಸಲ್ಲ" ಎಂದು ನಕ್ಕರು. ಮಂಡಿನೋವೂ ನಿಜವೇ. ಅವರು ಮೆಟ್ಟಿಲು ಹತ್ತುವುದನ್ನು ನಾನು ದಿನಾ ನೋಡುತ್ತಿದ್ದೆ.

ಮುಖ್ಯೋಪಾಧ್ಯಾಯರು ಒಪ್ಪಿದರೂ ತಾವಾಗಿ ಬಿಡುಗಡೆ ಮಾಡುವಂತಿರಲಿಲ್ಲ. ನಿಯೋಜನೆಯ ಆದೇಶ ಹೊರಡಿಸಿದ್ದು ಉಪನಿರ್ದೇಶಕರ ಕಚೇರಿ. ರದ್ದು ಮಾಡಬೇಕಾದ್ದೂ ಅದೇ. ಅರ್ಜಿ ಮುಖ್ಯೋಪಾಧ್ಯಾಯರ ಶಿಫಾರಸಿನೊಂದಿಗೆ ಹೋಯಿತು. ಆದೇಶ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟೂ ದಿನ ಮೇಡಂ ಒಂದು ಪೀರಿಯಡ್ಡೂ ತಪ್ಪಿಸಲಿಲ್ಲ.

ಸಂಬಳ ಮೂಲ ಶಾಲೆಯಿಂದಲೇ ಆಗುತ್ತಿದ್ದುದರಿಂದ ಅಂತಿಮ ವೇತನ ಪ್ರಮಾಣಪತ್ರದ ಓಡಾಟ ಇರಲಿಲ್ಲ. ಡಿಸೆಂಬರ್‌ನ ಹಾಜರಾತಿ ಮತ್ತು ಇಲ್ಲಿ ಬಳಸಿದ ಸಾಂದರ್ಭಿಕ ರಜೆಗಳ ವಿವರ ಕಳಿಸಿದರೆ ಸಾಕಿತ್ತು. ತೊಡಕಾದದ್ದು ಪ್ರಯೋಗಾಲಯದ ಚಾರ್ಜ್ ಕೊಡುವಾಗ.

ದಾಸ್ತಾನು ವಹಿಯಲ್ಲಿ 10 ಸೆಂ.ಮೀ. ಸಂಗಮದೂರದ ಪೀನ ಮಸೂರ ಐದು. ಪೆಟ್ಟಿಗೆಯಲ್ಲಿ ಮೂರು. ಅತಿಥಿ ಶಿಕ್ಷಕರು ಪೆನ್ನು ಕೆಳಗಿಟ್ಟರು. ಮೇಡಂ, "ಜೂನ್‌ನಲ್ಲಿ ನಾನು ಎಣಿಸದೇ ಸಹಿ ಹಾಕಿದ್ದೆ, ಆಗಲೇ ಕಮ್ಮಿ ಇತ್ತೋ ಏನೋ" ಎಂದು ತಮ್ಮ ಮೇಲೆಯೇ ಹಾಕಿಕೊಳ್ಳತೊಡಗಿದರು. ನನ್ನ ಕಿವಿ ಬಿಸಿಯಾಯಿತು. ಎರಡೂ ನನ್ನ ಹಾಸ್ಟೆಲ್ ಕೊಠಡಿಯಲ್ಲಿದ್ದವು. ವಕ್ರೀಭವನದ ಪಾಠದ ತಯಾರಿಗೆಂದು ಒಯ್ದಿದ್ದೆ, ವಿತರಣಾ ವಹಿಯಲ್ಲಿ ಬರೆದಿರಲಿಲ್ಲ. ಒಂದು ಬಿದ್ದು ಅಂಚು ಒಡೆದಿತ್ತು.

ಹೇಳಿದೆ. ಅವರು ಬೈಯಲಿಲ್ಲ. "ನೀನು ಹೇಳದಿದ್ದರೆ ಮುಂದೆ ಇವರ ತಲೆಗೆ ಬರುತ್ತಿತ್ತು" ಎಂದು ಅತಿಥಿ ಶಿಕ್ಷಕರತ್ತ ತೋರಿಸಿದರು. ಮರುದಿನ ಪೇಟೆಯಿಂದ ಹೊಸ ಮಸೂರ ತಂದೆ. ಅದನ್ನು ಹಾಗೇ ಪೆಟ್ಟಿಗೆಗೆ ಹಾಕಲು ಬಿಡದೆ ಮೇಡಂ ನನ್ನನ್ನು ಕಿಟಕಿಯ ಎದುರಿನ ಗೋಡೆಯ ಬಳಿ ನಿಲ್ಲಿಸಿದರು. ದೂರದ ತೆಂಗಿನ ಮರದ ಬಿಂಬ ಗೋಡೆಯ ಮೇಲೆ ತಲೆಕೆಳಗಾಗಿ, ಸ್ಪಷ್ಟವಾಗಿ ಮೂಡುವವರೆಗೆ ಮಸೂರ ಸರಿಸಿ ಸ್ಕೇಲ್ ಇಟ್ಟರೆ ಹದಿನೈದು ಸೆಂ.ಮೀ. ಅಂಗಡಿಯವನು ಬೇರೆಯದನ್ನೇ ಕೊಟ್ಟಿದ್ದ! ಬದಲಾಯಿಸಿ ತಂದದ್ದು ಹತ್ತಕ್ಕೆ ಸರಿಯಾಗಿ ಬಂತು. ಒಡೆದದ್ದನ್ನೂ ಹೊಸದನ್ನೂ ವಹಿಯಲ್ಲಿ ದಾಖಲಿಸಿ ಮುಖ್ಯೋಪಾಧ್ಯಾಯರ ಸಹಿ ಪಡೆದೆವು. ನಾನೇ ಚಾರ್ಜ್ ತೆಗೆದುಕೊಳ್ಳಲೇ ಎಂದು ಅದಕ್ಕೂ ಮೊದಲು ಉತ್ಸಾಹದಿಂದ ಕೇಳಿದ್ದೆ. "ನೀನು ಈ ಶಾಲೆಯ ಸಿಬ್ಬಂದಿಯಲ್ಲಮ್ಮ, ಜನವರಿಗೆ ಹೋಗುವವಳು" ಎಂದಿದ್ದರು.

ಚಾರ್ಜ್ ಪಟ್ಟಿಯ ಜೊತೆ ಒಂದು ನೂರು ಪುಟದ ನೋಟ್‌ಬುಕ್ಕೂ ಇತ್ತು. ಯಾವ ಘಟಕ ಎಲ್ಲಿಗೆ ನಿಂತಿದೆ ಎಂಬುದಕ್ಕೆ ಅದರಲ್ಲಿ ಒಂದೇ ಪುಟ. ಮೂರನೇ ರೂಪಣಾತ್ಮಕ ಮೌಲ್ಯಮಾಪನಕ್ಕೆ ಗೈರಾಗಿದ್ದ ಮೂವರ ಅಂಕದ ಜಾಗ ಖಾಲಿ. ಹಿಂದಿನ ಅಂಕ ನೋಡಿ ಅಂದಾಜಿನಲ್ಲಿ ತುಂಬಬಹುದಲ್ಲ ಎಂದು ನಾನೇ ಹೇಳಿದ್ದೆ. ಅವರು ಹೆಸರುಗಳ ಮುಂದೆ 'ಪರೀಕ್ಷೆ ಕೊಡಬೇಕು' ಎಂದು ಬರೆದರು. ಆಂತರಿಕ 20 ಅಂಕಕ್ಕೆ ಸೇರುವ ಲೆಕ್ಕ ಅದು. ಉಳಿದ ಪುಟಗಳೆಲ್ಲ ಮಕ್ಕಳದ್ದು. ಒಬ್ಬಳು ವರ್ಗ ಸಮೀಕರಣ ಬಿಡಿಸುತ್ತಾಳೆ, ಆದರೆ ಋಣ ಚಿಹ್ನೆ ಆವರಣದ ಹೊರಗಿದ್ದರೆ ಎಡವುತ್ತಾಳೆ. ಒಬ್ಬನಿಗೆ ಕಪ್ಪುಹಲಗೆ ಕಾಣುವುದಿಲ್ಲ, ಹೇಳಿಕೊಳ್ಳುವುದಿಲ್ಲ, ಎರಡನೇ ಬೆಂಚಿನಲ್ಲಿ ಕೂರಿಸಬೇಕು.

ಅವನಿಗೆ ನಾನು ಆರು ವಾರ ಪಾಠ ಮಾಡಿದ್ದೆ. ಕೊನೆಯ ಬೆಂಚಿನಿಂದ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಾನೆಂದು ಎರಡು ಸಲ ಎಬ್ಬಿಸಿ ನಿಲ್ಲಿಸಿದ್ದೆ.

ಆದೇಶ ಬಂದ ದಿನ ಸಂಜೆ ಅವರನ್ನು ಬಿಡುಗಡೆ ಮಾಡಿದರು. ಮರುದಿನ ಬೆಳಿಗ್ಗೆ ಮೂಲ ಶಾಲೆಯಲ್ಲಿ ಹಾಜರಾಗಬೇಕಿತ್ತು. ಬಸ್ ನಿಲ್ದಾಣದವರೆಗೆ ನಾನೇ ಅವರ ಚೀಲ ಹಿಡಿದು ಹೋದೆ. ಮರುದಿನ ಮೊದಲ ಪೀರಿಯಡ್‌ಗೆ ಮುಂಚೆ ಆ ಹುಡುಗನ ಚೀಲವನ್ನು ನಾನೇ ಎತ್ತಿ ಎರಡನೇ ಬೆಂಚಿನ ಮೇಲಿಟ್ಟೆ. ಅವನು ಯಾಕೆಂದು ಕೇಳಲಿಲ್ಲ, ಬಂದು ಕೂತ.