24 ಅಂಕಗಳ ವಿಶ್ವಾಸ ಪರೀಕ್ಷೆ: ಪ್ರಶ್ನೆಪತ್ರಿಕೆ, ಅಂಕಸೂಚಿ ಮತ್ತು ಪರೀಕ್ಷಕರ ಟಿಪ್ಪಣಿ



ನಮ್ಮ ಧರ್ಮಕೇಂದ್ರದ ಧರ್ಮೋಪದೇಶ ತರಗತಿಯ ದೊಡ್ಡ ಮಕ್ಕಳಿಗಾಗಿ ಯುವಸಂಘದ ನಾವು ಒಂದು ಮಾದರಿ ಪ್ರಶ್ನೆಪತ್ರಿಕೆ ತಯಾರಿಸಿದ್ದೇವೆ. ಜೊತೆಗೆ ಅಂಕಸೂಚಿಯನ್ನೂ, ಉತ್ತರ ತಿದ್ದುವವರಿಗೆ ಟಿಪ್ಪಣಿಯನ್ನೂ ಬರೆದಿದ್ದೇವೆ. ಪತ್ರಿಕೆ ನೋಡಿದ ಕೆಲವು ಹಿರಿಯರು ಕೊನೆಯ ಪ್ರಶ್ನೆಯ ಬಗ್ಗೆ ಕೇಳಿದರು: "ದೇವರನ್ನೇ ಪ್ರಶ್ನೆ ಮಾಡುವ ಉತ್ತರಕ್ಕೂ ಪೂರ್ತಿ ಅಂಕವೇ?" ಅದಕ್ಕೆ ಉತ್ತರ ಕೊಡಬೇಕಾದರೆ ಇಡೀ ಪತ್ರಿಕೆಯನ್ನು ಒಮ್ಮೆ ತೋರಿಸಬೇಕು.

ಪತ್ರಿಕೆಯ ಚೌಕಟ್ಟು ನಮ್ಮದಲ್ಲ. ಇಂಗ್ಲೆಂಡಿನ ಮಕ್ಕಳು 16ನೇ ವಯಸ್ಸಿನ ಹೊತ್ತಿಗೆ ಜಿ.ಸಿ.ಎಸ್.ಇ. ಎಂಬ ಪರೀಕ್ಷೆ ಬರೆಯುತ್ತಾರೆ. ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಅದರಲ್ಲಿ ಧಾರ್ಮಿಕ ಅಧ್ಯಯನವೂ ಒಂದು ವಿಷಯ. ಅಲ್ಲಿನ ಎ.ಕ್ಯೂ.ಎ. ಎಂಬ ಪರೀಕ್ಷಾ ಮಂಡಳಿಯ ಪತ್ರಿಕೆಯಲ್ಲಿ ಕ್ರೈಸ್ತ ನಂಬಿಕೆಗಳ ಭಾಗಕ್ಕೆ 5 ಪ್ರಶ್ನೆಗಳಿವೆ: 1, 2, 4, 5 ಮತ್ತು 12 ಅಂಕದವು, ಒಟ್ಟು 24. ಅಂಕಕ್ಕೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಸಮಯ ಸಿಗುತ್ತದೆ. ನಾವು 30 ನಿಮಿಷ ಇಟ್ಟಿದ್ದೇವೆ. ಆ ಪರೀಕ್ಷೆಯನ್ನು ಕ್ರೈಸ್ತರೂ ಬರೆಯುತ್ತಾರೆ, ಬೇರೆ ಧರ್ಮದವರೂ, ಯಾವ ನಂಬಿಕೆಯೂ ಇಲ್ಲದವರೂ ಬರೆಯುತ್ತಾರೆ. ಹಾಗಾಗಿ ಮಗು ಏನನ್ನು ನಂಬುತ್ತದೆ ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ಕ್ರೈಸ್ತರು ಏನನ್ನು, ಯಾಕೆ ನಂಬುತ್ತಾರೆ, ಆ ನಂಬಿಕೆಯಿಂದ ಏನಾಗುತ್ತದೆ ಎಂದು ಬಿಡಿಸಿ ಹೇಳುವುದಕ್ಕೆ ಅಂಕ. ನಮ್ಮ ಮಕ್ಕಳಿಗೆ ಕಷ್ಟವಾಗುವುದೂ ಅಲ್ಲಿಯೇ. ಬಾಯಿಪಾಠದಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ.

ಪ್ರಶ್ನೆಗಳು

1. ದೇವಪುತ್ರರು ಮನುಷ್ಯರಾಗಿ ಹುಟ್ಟಿದ್ದನ್ನು ಏನೆಂದು ಕರೆಯುತ್ತಾರೆ? ಅ) ಸ್ವರ್ಗಾರೋಹಣ ಆ) ಮನುಷ್ಯಾವತಾರ ಇ) ಪುನರುತ್ಥಾನ ಈ) ಸೃಷ್ಟಿ (1 ಅಂಕ)

2. ಪವಿತ್ರ ತ್ರಿತ್ವದ ಬಗ್ಗೆ ಕ್ರೈಸ್ತರ ಎರಡು ನಂಬಿಕೆಗಳನ್ನು ಬರೆಯಿರಿ. (2 ಅಂಕ)

3. ಯೇಸುಸ್ವಾಮಿಯ ಪುನರುತ್ಥಾನದಲ್ಲಿಟ್ಟ ನಂಬಿಕೆ ಇಂದಿನ ಕ್ರೈಸ್ತರ ಬದುಕಿನ ಮೇಲೆ ಪ್ರಭಾವ ಬೀರುವ ಎರಡು ರೀತಿಗಳನ್ನು ವಿವರಿಸಿ. (4 ಅಂಕ)

4. ಅಂತಿಮ ತೀರ್ಪಿನ ಬಗ್ಗೆ ಎರಡು ಕ್ರೈಸ್ತ ಬೋಧನೆಗಳನ್ನು ವಿವರಿಸಿ. ಬೈಬಲ್ ಅಥವಾ ಧರ್ಮಸಭೆಯ ಬೋಧನೆಯ ಒಂದು ಆಧಾರ ಕೊಡಿ. (5 ಅಂಕ)

5. "ಪ್ರೀತಿಯ ದೇವರು ಇದ್ದಿದ್ದರೆ ಲೋಕದಲ್ಲಿ ಇಷ್ಟು ಸಂಕಟ ಇರುತ್ತಿರಲಿಲ್ಲ." ಈ ಮಾತನ್ನು ವಿಮರ್ಶಿಸಿ. ಕ್ರೈಸ್ತ ಬೋಧನೆಯನ್ನು ಬಳಸಿ, ಮಾತಿನ ಪರವಾಗಿಯೂ ಬೇರೆ ಅಭಿಪ್ರಾಯದ ಪರವಾಗಿಯೂ ಕಾರಣ ಕೊಟ್ಟು, ಸಮರ್ಥನೆಯೊಂದಿಗೆ ತೀರ್ಮಾನಕ್ಕೆ ಬನ್ನಿ. (12 ಅಂಕ)

ಮೊದಲ ಎರಡು

ಮೊದಲನೆಯದಕ್ಕೆ ಉತ್ತರ ಆ. ಎರಡನೆಯದಕ್ಕೆ ಎರಡು ಸಣ್ಣ ವಾಕ್ಯ ಸಾಕು: ದೇವರು ಒಬ್ಬರೇ; ಆ ಒಬ್ಬ ದೇವರಲ್ಲಿ ಪಿತ, ಸುತ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳಿದ್ದಾರೆ. ವಿವರಣೆ ಕೇಳಿಲ್ಲ, ಬರೆದರೂ ಹೆಚ್ಚಿನ ಅಂಕವಿಲ್ಲ. ಪರೀಕ್ಷಕರ ಟಿಪ್ಪಣಿ: ನೀರು, ಮಂಜುಗಡ್ಡೆ, ಹಬೆ ಎಂಬ ಹೋಲಿಕೆ ಖಂಡಿತ ಬರುತ್ತದೆ. ಅದಕ್ಕೆ ಅಂಕ ಕೊಡಬೇಡಿ. ಒಂದೇ ನೀರು ಒಮ್ಮೆ ಮಂಜುಗಡ್ಡೆ, ಇನ್ನೊಮ್ಮೆ ಹಬೆ. ಒಬ್ಬರೇ ಮೂರು ವೇಷ ಹಾಕಿದ ಹಾಗೆ. ಈ ಅಭಿಪ್ರಾಯವನ್ನು ಧರ್ಮಸಭೆ ಆದಿಯಲ್ಲೇ ತಳ್ಳಿಹಾಕಿತು. ಯೇಸು ಜ್ಞಾನಸ್ನಾನ ಪಡೆದಾಗ ಪಿತನ ಸ್ವರ ಕೇಳಿಸಿತು, ಪವಿತ್ರಾತ್ಮರು ಇಳಿದುಬಂದರು. ಮೂವರೂ ಒಂದೇ ಗಳಿಗೆಯಲ್ಲಿ ಇದ್ದರು.

4 ಅಂಕದ ಪ್ರಶ್ನೆ: "ಆದ್ದರಿಂದ" ಎಲ್ಲಿದೆ?

ಪ್ರತಿ ರೀತಿಗೆ 2 ಅಂಕ. ಸರಳವಾಗಿ ಹೇಳಿದರೆ 1, ಬಿಡಿಸಿ ವಿವರಿಸಿದರೆ 2. ಮೂರು ಉತ್ತರ ನೋಡೋಣ.

"ಯೇಸುಸ್ವಾಮಿ ಮೂರನೆಯ ದಿನ ಸತ್ತವರೊಳಗಿಂದ ಎದ್ದುಬಂದರು." ಇದಕ್ಕೆ ಸೊನ್ನೆ. ಮಾತು ಸತ್ಯ, ಆದರೆ ಅದು ನಂಬಿಕೆ. ಪ್ರಶ್ನೆ ಕೇಳಿದ್ದು ಆ ನಂಬಿಕೆಯ ಪ್ರಭಾವವನ್ನು.

"ಕ್ರೈಸ್ತರು ಸಾವಿಗೆ ಹೆದರುವುದಿಲ್ಲ." 1 ಅಂಕ.

"ಕ್ರಿಸ್ತರು ಎದ್ದಂತೆ ನಾವೂ ಏಳುತ್ತೇವೆಂದು ಕ್ರೈಸ್ತರು ನಂಬುತ್ತಾರೆ. ಆದ್ದರಿಂದ ಸಾವೇ ಕೊನೆ ಎಂದು ತಿಳಿಯದೆ, ಮನೆಯಲ್ಲಿ ತೀರಿಕೊಂಡವರನ್ನು ನಿರೀಕ್ಷೆಯಿಂದ ಮಣ್ಣು ಮಾಡಿ, ಅವರ ಆತ್ಮಕ್ಕಾಗಿ ಪೂಜೆ ಇಡುತ್ತಾರೆ." 2 ಅಂಕ. ನಂಬಿಕೆಯಿಂದ ಒಂದು ಕೆಲಸದವರೆಗೆ ದಾರಿ ಇದೆ.

ಎರಡನೆಯ ರೀತಿಯಾಗಿ ಭಾನುವಾರದ ಪೂಜೆಯನ್ನು ಬರೆಯಬಹುದು: ವಾರದ ಮೊದಲ ದಿನ ಸಮಾಧಿ ಬರಿದಾಗಿತ್ತು, ಆದ್ದರಿಂದ ಕ್ರೈಸ್ತರು ಅದೇ ದಿನ ಸೇರುತ್ತಾರೆ. ಆದರೆ "ಸಾವಿಗೆ ಹೆದರುವುದಿಲ್ಲ" ಎಂದು ಬರೆದ ಮೇಲೆ "ಧೈರ್ಯವಾಗಿರುತ್ತಾರೆ" ಎಂಬುದನ್ನು ಎರಡನೆಯ ರೀತಿಯೆಂದು ಎಣಿಸಬೇಡಿ. ಒಂದೇ ಮಾತನ್ನು ಎರಡು ಸಲ ಹೇಳಿದಂತಾಯಿತು ಅಷ್ಟೆ.

5 ಅಂಕದ ಪ್ರಶ್ನೆ: ಐದನೆಯ ಅಂಕ

ಇಲ್ಲಿಯೂ 2 ಮತ್ತು 2. ಐದನೆಯ ಅಂಕ ಆಧಾರಕ್ಕೆ. ತೀರ್ಪಿನ ಬಗ್ಗೆ ಬರೆಯುವ ಮಗು ಮತ್ತಾಯ 25ನೇ ಅಧ್ಯಾಯದ ಕುರಿ–ಮೇಕೆಗಳ ದೃಶ್ಯವನ್ನು ತನ್ನ ಮಾತಿನಲ್ಲಿ ಹೇಳಿ, ಹಸಿದವರಿಗೆ ಕೊಟ್ಟ ಅನ್ನ ಕ್ರಿಸ್ತರಿಗೇ ಕೊಟ್ಟದ್ದಾಗುತ್ತದೆ ಎಂದು ಬರೆದರೆ ಅಂಕ ಸಿಗುತ್ತದೆ. ಅಧ್ಯಾಯದ ಸಂಖ್ಯೆ ನೆನಪಿಲ್ಲದಿದ್ದರೂ ಚಿಂತೆಯಿಲ್ಲ. "ಬೈಬಲಿನಲ್ಲಿ ಹೀಗೆ ಹೇಳಿದೆ" ಎಂದಷ್ಟೇ ಬರೆದರೆ ಇಲ್ಲ. ಉತ್ತರಕ್ಕೆ ಸಂಬಂಧವಿಲ್ಲದ ವಚನವನ್ನು ಎಷ್ಟೇ ಸರಿಯಾಗಿ ಬರೆದರೂ ಇಲ್ಲ. ಬಾಯಿಪಾಠದ ಮಗು ಇಲ್ಲಿ ಮುಗ್ಗರಿಸುತ್ತದೆ: ಪ್ರಶ್ನೆ ತೀರ್ಪಿನದು, ವಚನ ಸೃಷ್ಟಿಯದು.

12 ಅಂಕದ ಪ್ರಶ್ನೆ

ಇದಕ್ಕೆ ಒಂದೊಂದು ಅಂಶಕ್ಕೆ ಒಂದೊಂದು ಅಂಕ ಎಂಬ ಲೆಕ್ಕವಿಲ್ಲ, ನಾಲ್ಕು ಹಂತಗಳಿವೆ. ಒಂದು ಅಭಿಪ್ರಾಯ ಹೇಳಿ ಕಾರಣ ಬರೆದರೆ ಮೊದಲ ಹಂತ, 1–3. ಒಂದೇ ಕಡೆಯ ವಾದವನ್ನು ಹಂತಹಂತವಾಗಿ ಕಟ್ಟಿದರೆ, ಅಥವಾ ಎರಡು ಕಡೆಯನ್ನೂ ಕಾರಣ ಸಹಿತ ಪಟ್ಟಿ ಮಾಡಿದರೆ ಎರಡನೆಯದು, 4–6. ಎರಡು ಕಡೆಯನ್ನೂ ಸರಪಳಿಯಂತೆ ಬೆಳೆಸಿದರೆ ಮೂರನೆಯದು, 7–9. ಅದರ ಮೇಲೆ ಎರಡನ್ನೂ ತೂಗಿ, ಆಧಾರವಿರುವ ತೀರ್ಮಾನಕ್ಕೆ ಬಂದರೆ ನಾಲ್ಕನೆಯದು, 10–12.

ಮಾದರಿ ಉತ್ತರಗಳನ್ನು ನಾವೇ ಬರೆದೆವು. ಮೊದಲನೆಯದು ಹೀಗೆ: ದೇವರು ಪ್ರೀತಿಯೇ, ಸಂಕಟ ಬಂದದ್ದು ಆದಾಮನ ಪಾಪದಿಂದ, ಪ್ರಾರ್ಥಿಸಿದರೆ ಎಲ್ಲ ಸರಿಹೋಗುತ್ತದೆ. ಭಕ್ತಿಯ ಉತ್ತರ. ಆದರೆ ಒಂದೇ ಕಡೆ ಇದೆ, "ಎಲ್ಲ ಸರಿಹೋಗುತ್ತದೆ" ಎಂಬುದಕ್ಕೆ ಆಧಾರವಿಲ್ಲ. 4 ಅಂಕ.

ಎರಡನೆಯ ಉತ್ತರ ನಮ್ಮ ಕಾಸರಗೋಡಿನಿಂದಲೇ ಶುರುವಾಗುತ್ತದೆ. ಎಣ್ಮಕಜೆಯ ಪಡ್ರೆ, ಸ್ವರ್ಗ ಮುಂತಾದ ಕಡೆ ಗೇರುತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಉತ್ತರ ಹೀಗೆ ಸಾಗುತ್ತದೆ: ಈ ಸಂಕಟ ಭೂಕಂಪದ ಹಾಗೆ ತಾನಾಗಿ ಬಂದದ್ದಲ್ಲ, ಮನುಷ್ಯರ ಆಯ್ಕೆಯಿಂದ ಬಂದದ್ದು. ದೇವರು ಮನುಷ್ಯನಿಗೆ ಸ್ವತಂತ್ರ ಇಚ್ಛೆ ಕೊಟ್ಟರು; ಕೆಟ್ಟದ್ದನ್ನು ಆರಿಸಲಾಗದ ಸ್ವಾತಂತ್ರ್ಯ ಸ್ವಾತಂತ್ರ್ಯವೇ ಅಲ್ಲ; ಆದ್ದರಿಂದ ಇದರ ಹೊಣೆ ಮನುಷ್ಯರದು. ಸಂತ ಅಗಸ್ಟೀನರ ಕಾಲದಿಂದ ಕ್ರೈಸ್ತರು ಹೇಳುತ್ತ ಬಂದ ವಾದ ಇದು.

ಉತ್ತರ ಅಲ್ಲಿಗೆ ನಿಲ್ಲುವುದಿಲ್ಲ. ಆಯ್ಕೆ ಮಾಡಿದವರು ಒಬ್ಬರು, ಅನುಭವಿಸಿದವರು ಇನ್ನೊಬ್ಬರು. ಹುಟ್ಟುವಾಗಲೇ ಅಂಗವೈಕಲ್ಯವಿದ್ದ ಮಗು ಯಾವುದನ್ನೂ ಆರಿಸಿಕೊಂಡಿರಲಿಲ್ಲ. ಒಬ್ಬರ ಸ್ವಾತಂತ್ರ್ಯಕ್ಕಾಗಿ ಇನ್ನೊಬ್ಬರು ನೋಯುವುದನ್ನು ಪ್ರೀತಿಯ ತಂದೆ ಹೇಗೆ ಸಹಿಸುತ್ತಾರೆ? ಹಾಗಾಗಿ ಪ್ರಶ್ನೆಯಲ್ಲಿನ ಮಾತಿಗೆ ಬಲವಿದೆ. ಮುಂದೆ ಉತ್ತರ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯಕ್ಕೆ ಹೋಗುತ್ತದೆ. ಹುಟ್ಟುಕುರುಡನನ್ನು ಕಂಡು ಪಾಪ ಯಾರದು, ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ, ಇಬ್ಬರದೂ ಅಲ್ಲವೆಂದು ಹೇಳಿ ಯೇಸು ಅವನನ್ನು ಗುಣಪಡಿಸಿದರು. ಸಂಕಟ ಶಿಕ್ಷೆ ಎಂಬ ವಾದ ಅಲ್ಲಿಗೆ ಬಿತ್ತು. ತೀರ್ಮಾನ ಇದು: ಸ್ವತಂತ್ರ ಇಚ್ಛೆ ಹೊಣೆ ಯಾರದೆಂದು ತೋರಿಸುತ್ತದೆ, ಆದರೆ ಆ ಮಗುವಿನ ನೋವಿಗೆ ಪೂರ್ತಿ ಉತ್ತರವಾಗುವುದಿಲ್ಲ, ಶಿಲುಬೆಯಲ್ಲಿ ದೇವರೇ ನಿರಪರಾಧಿಯಾಗಿ ನೊಂದರೆಂದು ನಂಬುವವರಿಗೆ ಸಂಕಟವಿದ್ದ ಮಾತ್ರಕ್ಕೆ ಪ್ರೀತಿ ಇಲ್ಲವೆಂದಾಗುವುದಿಲ್ಲ. 11 ಅಂಕ.

ಪರೀಕ್ಷಕರ ಟಿಪ್ಪಣಿ: ಎಂಡೋಸಲ್ಫಾನ್ ಎಂಬ ಹೆಸರಿಗೆ ಅಂಕವಿಲ್ಲ. ಊರಿನ ನೋವನ್ನು ಎರಡು ಪುಟ ಬರೆದು ಧರ್ಮದ ಮಾತೇ ಬಾರದಿದ್ದರೆ ಎರಡನೆಯ ಹಂತ ದಾಟಿಸಬೇಡಿ. ಉದಾಹರಣೆ ವಾದವನ್ನು ಮುಂದೆ ದೂಡಬೇಕು. ಅದು ಹಾಗೆ ಮಾಡುತ್ತಿದೆಯೋ ಎಂದು ತಿಳಿಯಲು ಆ ವಾಕ್ಯಗಳನ್ನು ಬೆರಳಿನಿಂದ ಮುಚ್ಚಿ ಓದಿ. ಉಳಿದದ್ದು ಮೊದಲಿನಷ್ಟೇ ಗಟ್ಟಿಯಾಗಿದ್ದರೆ ಉದಾಹರಣೆ ಬರೀ ಅಲಂಕಾರ.

ಈಗ ಹಿರಿಯರ ಪ್ರಶ್ನೆ. ಇದೇ ಉತ್ತರ ಕೊನೆಯಲ್ಲಿ "ಆದ್ದರಿಂದ ಈ ಮಾತು ಸರಿ" ಎಂದು ಮುಗಿದರೆ? ತೂಗಿದ ರೀತಿ ಅಷ್ಟೇ ಚೆನ್ನಾಗಿದ್ದರೆ ಆಗಲೂ 11 ಅಂಕ. ಇಂಗ್ಲೆಂಡಿನ ಮಂಡಳಿಯಲ್ಲಿ ಅದು ನಿಯಮ. ಧರ್ಮೋಪದೇಶ ತರಗತಿಯಲ್ಲಿ ಯಾಕೆ ಎಂದು ಕೇಳಿದರೆ, ನಾವು ಯೋಬನ ಗ್ರಂಥವನ್ನು ತೋರಿಸುತ್ತೇವೆ. ಯೋಬನ ಗೆಳೆಯರು ಅಧ್ಯಾಯಗಟ್ಟಲೆ ದೇವರ ಪರ ವಾದಿಸಿದರು. ಯೋಬ ದೇವರೊಂದಿಗೇ ವ್ಯಾಜ್ಯ ಮಾಡಿದ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ಗೆಳೆಯರ ಮೇಲೆ. ತನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬ ಎಂದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಕೂಡ, ಕೇಡು ಯಾಕಿದೆ ಎಂಬ ಪ್ರಶ್ನೆಗೆ ಅವಸರದ ಉತ್ತರ ಯಾವುದೂ ಸಾಲದೆಂದು ತನ್ನ 309ನೇ ಪರಿಚ್ಛೇದದಲ್ಲಿ ಒಪ್ಪಿಕೊಳ್ಳುತ್ತದೆ. ಧರ್ಮಸಭೆ ಅವಸರ ಮಾಡದ ಕಡೆ ಮಗು ಅವಸರದಿಂದ "ದೇವರು ಒಳ್ಳೆಯವರು" ಎಂದು ಬರೆದು ಮುಗಿಸಿದರೆ ಅದಕ್ಕೆ ಹೆಚ್ಚು ಅಂಕ ಕೊಡುವುದು ಸರಿಯಲ್ಲ.

ಆದರೆ ಅಂಕಸೂಚಿಗೆ ಒಂದು ಮಿತಿ ಇದೆ. ಆ ತೀರ್ಮಾನ ಬರೆದ ಮಗು ವಾದಕ್ಕಾಗಿ ಬರೆದಿದೆಯೋ, ಮನೆಯ ನೋವಿನಿಂದ ಬರೆದಿದೆಯೋ ಉತ್ತರಪತ್ರಿಕೆ ಹೇಳುವುದಿಲ್ಲ. ಹಾಗಾಗಿ ಟಿಪ್ಪಣಿಯ ಕೊನೆಗೆ ತಿದ್ದುವವರಿಗೆ ಎರಡು ಸಾಲು ಸೇರಿಸಿದ್ದೇವೆ: ಕೆಂಪು ಶಾಯಿಯಲ್ಲಿ ಪ್ರವಚನ ಬರೆಯಬೇಡಿ, ಅಂಕ ಮಾತ್ರ ಬರೆಯಿರಿ. ಆ ಮಗುವಿನ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದಾರೆಂದು ಗೊತ್ತಿದ್ದರೆ, ಫಾದರ್ ಜೊತೆ ಅವರ ಮನೆಗೆ ಹೋಗಿ ಬನ್ನಿ. ಪರೀಕ್ಷೆಯ ಮಾತು ಎತ್ತಬೇಡಿ.

ಇನ್ನೊಂದು ಮಾತು. ಇಂಗ್ಲೆಂಡಿನ ಮಂಡಳಿ ಕಾಗುಣಿತ, ವ್ಯಾಕರಣಕ್ಕೂ ಪ್ರತ್ಯೇಕ ಅಂಕ ಇಡುತ್ತದೆ. ನಾವು ಅದನ್ನು ಬಿಟ್ಟಿದ್ದೇವೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮಲಯಾಳಂ ಅಥವಾ ಇಂಗ್ಲಿಷ್, ಪರೀಕ್ಷೆ ಮಾತ್ರ ಕನ್ನಡದಲ್ಲಿ ಬರೆಯುವ ಮಕ್ಕಳು ನಮ್ಮಲ್ಲಿದ್ದಾರೆ. "ಪುನರುತ್ಥಾನ" ಎಂಬುದರ ಒತ್ತಕ್ಷರ ತಪ್ಪಿದರೂ ಅದರಿಂದ ಮುಂದಿನ "ಆದ್ದರಿಂದ" ಸರಿಯಾಗಿದ್ದರೆ ಪೂರ್ತಿ ಅಂಕ ಕೊಡಿ.